ಎರಡು ಟೆಸ್ಟುಗಳ ನಡುವೆ ಒಂದು ವೆಬ್‌ಸೈಟ್

ವಿಟಿಯುಗೆ ಸೇರಿದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸೆಮಿಸ್ಟರ್ ಶುರುವಾದ ಹೊಸದರಲ್ಲೇ ನೋಟಿಸ್ ಬೋರ್ಡಿಗೆ ಒಂದು ಹಾಳೆ ಬೀಳುತ್ತದೆ. ಅದನ್ನು ಕ್ಯಾಲೆಂಡರ್ ಆಫ್ ಈವೆಂಟ್ಸ್ ಎನ್ನುತ್ತಾರೆ. ಮೊದಲ ಇಂಟರ್ನಲ್ಸ್ ಯಾವಾಗ, ಎರಡನೆಯದು ಯಾವಾಗ, ಲ್ಯಾಬ್ ಪರೀಕ್ಷೆ ಯಾವ ವಾರ, ಕೊನೆಯ ತರಗತಿ ಎಂದು, ಎಲ್ಲವೂ ಅದರಲ್ಲಿರುತ್ತದೆ. ಹೆಚ್ಚಿನ ಮಕ್ಕಳು ಅದನ್ನು ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡು ಮರೆತುಬಿಡುತ್ತಾರೆ. ಓದಿನ ಜೊತೆ ಫ್ರೀಲ್ಯಾನ್ಸಿಂಗ್ ಮಾಡಬೇಕು, ಅಂದರೆ ಯಾರದೋ ಬಿಡಿ ಕೆಲಸವನ್ನು ಒಪ್ಪಿಕೊಂಡು ದುಡ್ಡಿಗೆ ಮಾಡಿಕೊಡಬೇಕು ಎಂದುಕೊಂಡಿರುವ ವಿದ್ಯಾರ್ಥಿ ಮಾತ್ರ ಮೊದಲು ಓದಬೇಕಾದದ್ದು ಆ ಹಾಳೆಯನ್ನೇ.

ಹೀಗೆ ಹೇಳುವುದಕ್ಕೆ ಕಾರಣವಿದೆ. ಓದುವಾಗಲೇ ಕೆಲಸ ಹಿಡಿದು ಕೈಸುಟ್ಟುಕೊಳ್ಳುವ ಮಕ್ಕಳಲ್ಲಿ ಕೆಲಸ ಬಾರದವರು ಕಡಿಮೆ. ಯೂಟ್ಯೂಬ್ ನೋಡಿ ವೆಬ್‌ಸೈಟ್ ಮಾಡುವುದನ್ನು, ಪೋಸ್ಟರ್ ಮಾಡುವುದನ್ನು, ವಿಡಿಯೊ ಎಡಿಟ್ ಮಾಡುವುದನ್ನು ಅವರು ಚೆನ್ನಾಗಿಯೇ ಕಲಿತಿರುತ್ತಾರೆ. ಅವರು ಸೋಲುವುದು ತಾರೀಖಿನಲ್ಲಿ. ಟೆಸ್ಟ್ ಇರುವ ವಾರದಲ್ಲೇ ಕ್ಲೈಂಟ್ ಫೋನ್ ಮಾಡುತ್ತಾರೆ. ಎತ್ತಿದರೆ ಓದು ಹಾಳು, ಎತ್ತದಿದ್ದರೆ ಹೆಸರು ಹಾಳು. ಎತ್ತದೆ ಬಿಟ್ಟವರ ಬಗ್ಗೆ ಊರಿನಲ್ಲಿ ಒಂದು ಮಾತು ಹುಟ್ಟಿಕೊಳ್ಳುತ್ತದೆ: ‘ಕಾಲೇಜು ಹುಡುಗರಿಗೆ ಕೊಟ್ಟರೆ ಅರ್ಧಕ್ಕೆ ಬಿಟ್ಟು ಹೋಗ್ತಾರೆ.’ ಮುಂದೆ ಕೆಲಸ ಕೇಳಿಕೊಂಡು ಹೋಗುವ ಇನ್ನೊಬ್ಬ ವಿದ್ಯಾರ್ಥಿಗೂ ಆ ಮಾತು ಅಡ್ಡ ಬರುತ್ತದೆ.

ಹಾಗಾಗಿ ಎಷ್ಟು ದುಡಿಯಬಹುದು ಎಂಬ ಪ್ರಶ್ನೆಯನ್ನು ಇಲ್ಲಿ ಬದಿಗಿಡುತ್ತೇನೆ. ಸೆಮಿಸ್ಟರ್‌ನ ಸಂದಿಯಲ್ಲಿ ಎಂಥ ಕೆಲಸ ಹಿಡಿಸುತ್ತದೆ, ಅದನ್ನು ಹೇಗೆ ಅಳೆದು ಒಪ್ಪಿಕೊಳ್ಳಬೇಕು, ಮುಗಿಸಿದ ಕೆಲಸದಿಂದ ಹೆಸರು ಹೇಗೆ ಬರುತ್ತದೆ ಎಂಬುದನ್ನು ಒಂದೇ ಉದಾಹರಣೆ ಹಿಡಿದು ನೋಡೋಣ.

ಹಾಸನದಲ್ಲಿ ಕಂಪ್ಯೂಟರ್ ಸೈನ್ಸ್ ಐದನೇ ಸೆಮಿಸ್ಟರ್ ಓದುತ್ತಿರುವ ಒಬ್ಬ ವಿದ್ಯಾರ್ಥಿನಿ ಎಂದಿಟ್ಟುಕೊಳ್ಳಿ. ಅವಳ ಗೆಳತಿಯ ಸಂಬಂಧಿಕರೊಬ್ಬರು ಸಕಲೇಶಪುರದ ಹತ್ತಿರ ಕಾಫಿ ತೋಟದ ನಡುವೆ ನಾಲ್ಕು ಕೋಣೆಗಳ ಹೋಂಸ್ಟೇ ನಡೆಸುತ್ತಾರೆ. ಬೆಂಗಳೂರಿನಿಂದ ಬರುವವರು ಫೋನ್ ಮಾಡಿ ರೇಟು ಕೇಳುತ್ತಾರೆ, ಫೋಟೊ ಕಳಿಸಿ ಎನ್ನುತ್ತಾರೆ, ದಾರಿ ಕೇಳುತ್ತಾರೆ. ಮಾಲೀಕರು ದಿನವೂ ಅದೇ ಮಾತನ್ನು ಹತ್ತು ಜನಕ್ಕೆ ಹೇಳಿ ದಣಿದಿದ್ದಾರೆ. ಅವರಿಗೊಂದು ವೆಬ್‌ಸೈಟ್ ಬೇಕು.

ಅವಳ ಕ್ಯಾಲೆಂಡರ್ ಹೀಗಿದೆ: ಆರನೇ ವಾರ ಮೊದಲ ಟೆಸ್ಟ್, ಹದಿನಾಲ್ಕನೇ ವಾರ ಎರಡನೇ ಟೆಸ್ಟ್, ಅದರ ಬೆನ್ನಿಗೇ ಲ್ಯಾಬ್ ಪರೀಕ್ಷೆ, ಆಮೇಲೆ ಥಿಯರಿ. ವಿಟಿಯುನಲ್ಲಿ ಥಿಯರಿ ವಿಷಯದ 100 ಅಂಕಗಳಲ್ಲಿ 50 ಕಾಲೇಜಿನೊಳಗಿನ ನಿರಂತರ ಮೌಲ್ಯಮಾಪನಕ್ಕೆ, 50 ಸೆಮಿಸ್ಟರ್ ಕೊನೆಯ ಪರೀಕ್ಷೆಗೆ. ಕಾಲೇಜಿನೊಳಗಿನ 50ರಲ್ಲಿ ಕನಿಷ್ಠ 20 ಬಾರದಿದ್ದರೆ ಕೊನೆಯ ಪರೀಕ್ಷೆಗೇ ಕೂರುವಂತಿಲ್ಲ. ಹಾಜರಾತಿ ಶೇಕಡ 85 ಇರಬೇಕು. ಅಂದರೆ ‘ಟೆಸ್ಟ್ ಹೋದರೆ ಹೋಯಿತು, ಕೊನೆಯಲ್ಲಿ ಓದಿಕೊಂಡರಾಯಿತು’ ಎಂಬ ಹಳೆಯ ಧೈರ್ಯ ಇಲ್ಲಿ ನಡೆಯುವುದಿಲ್ಲ. ಟೆಸ್ಟ್ ವಾರ ಮತ್ತು ಅದರ ಹಿಂದಿನ ವಾರ ಬೇರೆ ಯಾರಿಗೂ ಕೊಡುವಂಥದ್ದಲ್ಲ.

ಉಳಿದದ್ದು ಏಳನೇ ವಾರದಿಂದ ಹನ್ನೆರಡನೇ ವಾರದವರೆಗೆ, ಒಟ್ಟು ಆರು ವಾರ. ಈ ಆರು ವಾರವೂ ಪೂರ್ತಿ ಅವಳದಲ್ಲ. ತರಗತಿ, ರೆಕಾರ್ಡ್ ಬರೆಯುವುದು, ಅಸೈನ್‌ಮೆಂಟ್ ಎಲ್ಲ ಕಳೆದರೆ ವಾರಕ್ಕೆ ಏಳು ಗಂಟೆ ಸಿಗಬಹುದು: ಭಾನುವಾರ ನಾಲ್ಕು, ವಾರದ ನಡುವೆ ಎರಡು ಸಂಜೆ ಒಂದೂವರೆ ಗಂಟೆಯಂತೆ ಮೂರು. ಹೆಚ್ಚು ಸಿಗುತ್ತದೆ ಎಂದು ಹೇಳುವವರು ನಿದ್ದೆಯ ಗಂಟೆಗಳನ್ನು ಲೆಕ್ಕಕ್ಕೆ ಸೇರಿಸಿಕೊಂಡಿರುತ್ತಾರೆ. ಒಂದು ವಾರ ಅದನ್ನೂ ಮಾಡಬಹುದು, ನಾಲ್ಕು ವಾರ ಆಗುವುದಿಲ್ಲ.

ಗಂಟೆಯ ಲೆಕ್ಕಕ್ಕೂ ಮುಂಚೆ ನೋಡಬೇಕಾದ ಇನ್ನೊಂದು ವಿಷಯವಿದೆ. ಈ ಕೆಲಸಕ್ಕೆ ಕೊನೆ ಇದೆಯೇ? ಅಂಗಡಿಯೊಂದರ ಇನ್‌ಸ್ಟಾಗ್ರಾಂ ಪುಟ ನೋಡಿಕೊಳ್ಳುವ ಕೆಲಸ ಸುಲಭವಾಗಿ ಕಾಣುತ್ತದೆ, ತಿಂಗಳಿಗಿಷ್ಟು ಎಂದು ದುಡ್ಡೂ ಬರುತ್ತದೆ. ಆದರೆ ಅದು ದಿನವೂ ಕೇಳುವ ಕೆಲಸ. ದೀಪಾವಳಿಯ ಆಫರ್ ಪೋಸ್ಟ್ ನಿಮ್ಮ ಟೆಸ್ಟ್ ದಿನವೇ ಬೇಕಾಗುತ್ತದೆ. ಒಂದು ಪುಸ್ತಕದ ಮುಖಪುಟ, ಒಂದು ಸಾಕ್ಷ್ಯಚಿತ್ರಕ್ಕೆ ಸಬ್‌ಟೈಟಲ್, ಒಂದು ಚಿಕ್ಕ ವೆಬ್‌ಸೈಟ್ ಹಾಗಲ್ಲ. ಕೊಟ್ಟ ದಿನ ಅವು ಮುಗಿಯುತ್ತವೆ. ವಿದ್ಯಾರ್ಥಿಯಾಗಿರುವವರೆಗೆ ಕೊನೆ ಇರುವ ಕೆಲಸವನ್ನೇ ಹಿಡಿಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ತಿಂಗಳ ಸಂಬಳದಂಥ ಕೆಲಸಕ್ಕೆ ಡಿಗ್ರಿ ಮುಗಿದ ಮೇಲೆ ಬೇಕಾದಷ್ಟು ಕಾಲವಿದೆ.

ಬಳಸುವ ತಂತ್ರಜ್ಞಾನವನ್ನು ಆರಿಸುವಾಗಲೂ ಇದೇ ಮಾತು. ವರ್ಡ್‌ಪ್ರೆಸ್‌ನಲ್ಲಿ ಸೈಟ್ ಕಟ್ಟುವುದು ಬೇಗ ಆಗುತ್ತದೆ, ಮಾಲೀಕರೇ ಒಳಗೆ ಹೋಗಿ ಬದಲಾಯಿಸಿಕೊಳ್ಳಲೂಬಹುದು. ಆದರೆ ವರ್ಡ್‌ಪ್ರೆಸ್ಸನ್ನೂ ಅದರ ಪ್ಲಗಿನ್‌ಗಳನ್ನೂ ಆಗಾಗ ಅಪ್‌ಡೇಟ್ ಮಾಡುತ್ತಿರಬೇಕು. ಮಾಡದೆ ಬಿಟ್ಟರೆ ಹ್ಯಾಕ್ ಆಗುವ ಭಯ, ಮಾಡಿದಾಗ ಕೆಲವೊಮ್ಮೆ ಪುಟವೇ ಕೆಟ್ಟು ನಿಲ್ಲುವ ಸಾಧ್ಯತೆ. ಅದು ಕೆಡುವುದು ಗಣಿತದ ಪರೀಕ್ಷೆಯ ಹಿಂದಿನ ರಾತ್ರಿಯೇ ಆಗಬಹುದು. ಮೂರು-ನಾಲ್ಕು ಪುಟಗಳ ಹೋಂಸ್ಟೇ ಸೈಟಿಗೆ ಬರೀ ಎಚ್‌ಟಿಎಂಎಲ್, ಸಿಎಸ್ಎಸ್ ಸಾಕು. ಅದರಲ್ಲಿ ಕೆಡುವುದಕ್ಕೆ ಹೆಚ್ಚೇನೂ ಇರುವುದಿಲ್ಲ. ರೇಟು ಬದಲಾದರೆ ವರ್ಷಕ್ಕೆ ಒಂದೆರಡು ಸಲ ಅವಳೇ ಐದು ನಿಮಿಷದಲ್ಲಿ ತಿದ್ದಿಕೊಡಬಹುದು.

ಈಗ ಅಳತೆ. ಮಾಲೀಕರು ಕೇಳಿದ್ದು ಐದು ಪುಟ: ಮುಖಪುಟ, ಕೋಣೆಗಳು ಮತ್ತು ರೇಟು, ಫೋಟೊ ಗ್ಯಾಲರಿ, ನಮ್ಮ ಬಗ್ಗೆ, ಬರುವ ದಾರಿ. ಅವಳು ಮನೆಗೆ ಬಂದು ಕಾಗದದ ಮೇಲೆ ಬರೆದಳು. ಮಾತುಕತೆ ಮತ್ತು ಫೋನಿಗೆ 3 ಗಂಟೆ, ಪುಟಗಳ ವಿನ್ಯಾಸಕ್ಕೆ 8, ಕನ್ನಡ ಮತ್ತು ಇಂಗ್ಲಿಷ್ ಬರಹ ಸಿದ್ಧಮಾಡಲು 5, ಫೋಟೊಗಳಿಗೆ 3, ಮ್ಯಾಪ್, ವಾಟ್ಸ್ಆ್ಯಪ್ ಲಿಂಕ್ ಮತ್ತು ಬೇರೆ ಬೇರೆ ಫೋನಿನಲ್ಲಿ ಪರೀಕ್ಷಿಸಲು 3, ತಿದ್ದುಪಡಿಗೆ 4. ಒಟ್ಟು 26 ಗಂಟೆ. ಹೊಸಬರು ವಿನ್ಯಾಸದ ಎಂಟು ಗಂಟೆಯನ್ನಷ್ಟೇ ಲೆಕ್ಕ ಹಾಕಿ ‘ಎರಡು ದಿನದಲ್ಲಿ ಕೊಡ್ತೀನಿ’ ಎಂದುಬಿಡುತ್ತಾರೆ. ಫೋನ್ ಮತ್ತು ತಿದ್ದುಪಡಿಗೆ ಹೋಗುವ ಹೊತ್ತು ಅವರ ಕಣ್ಣಿಗೆ ಬೀಳುವುದಿಲ್ಲ.

ಗಂಟೆಗೆ 250 ರೂಪಾಯಿಯಂತೆ 6,500 ರೂಪಾಯಿ ಎಂದು ಅವಳು ಹೇಳಿದಳು. ಮಾಲೀಕರ ಉತ್ತರ ಎಲ್ಲರೂ ಊಹಿಸಬಹುದಾದದ್ದೇ.

‘ಓದೋ ಹುಡುಗಿ ಅಲ್ವೇನಮ್ಮಾ ನೀನು, ಮೂರು ಸಾವಿರಕ್ಕೆ ಮಾಡಿಕೊಡು. ನಮ್ಮ ಕಡೆಯವರಿಗೆಲ್ಲ ನಿನ್ನ ನಂಬರ್ ಕೊಡ್ತೀನಿ.’

ಇಲ್ಲಿ ಹೆಚ್ಚಿನವರು ಒಪ್ಪಿಬಿಡುತ್ತಾರೆ. ಆಗ ಐದು ಪುಟದ ಕೆಲಸ ಹಾಗೇ ಉಳಿದು ಗಂಟೆಯ ಬೆಲೆ ಅರ್ಧಕ್ಕಿಂತ ಕೆಳಗೆ ಬೀಳುತ್ತದೆ. ಇನ್ನು ಕೆಲವರು ಮುಖ ಸಣ್ಣದು ಮಾಡಿಕೊಂಡು ಎದ್ದುಬರುತ್ತಾರೆ. ಎರಡೂ ಬೇಕಿಲ್ಲ. ದರ ಕಡಿಮೆ ಮಾಡುವ ಬದಲು ಕೆಲಸ ಕಡಿಮೆ ಮಾಡಬಹುದು.

‘ಆಗಲಿ ಅಂಕಲ್, ನಿಮ್ಮ ಬಜೆಟ್‌ಗೆ ತಕ್ಕ ಹಾಗೆ ಚಿಕ್ಕದು ಮಾಡೋಣ. ಗ್ಯಾಲರಿ ಬೇರೆ ಬೇಡ, ಕೋಣೆಗಳ ಪುಟದಲ್ಲೇ ಒಳ್ಳೆ ಹನ್ನೆರಡು ಫೋಟೊ ಹಾಕ್ತೀನಿ. ನಿಮ್ಮ ಬಗ್ಗೆ ಮುಖಪುಟದಲ್ಲೇ ನಾಲ್ಕು ಸಾಲು ಬರಲಿ. ಮೂರು ಪುಟ ಆಗುತ್ತೆ, 4,500. ಮುಂದಿನ ರಜೆಯಲ್ಲಿ ಬೇಕಾದರೆ ಉಳಿದದ್ದು ಸೇರಿಸೋಣ.’

ಮೂರು ಪುಟಕ್ಕೆ 18 ಗಂಟೆ. ವಾರಕ್ಕೆ ಏಳರಂತೆ ಮೂರು ವಾರದೊಳಗೆ ಆಗುತ್ತದೆ. ಅವಳು ಹೇಳಿದ್ದು ನಾಲ್ಕು ವಾರ. ಹನ್ನೆರಡನೇ ವಾರಕ್ಕೆ ಇನ್ನೂ ಎರಡು ವಾರ ಉಳಿಯಿತು. ಆ ಎರಡು ವಾರಕ್ಕೆ ಅವಳು ಬೇರೆ ಕೆಲಸ ಒಪ್ಪಿಕೊಳ್ಳಬಾರದು. ಪರೀಕ್ಷೆಯ ವೇಳಾಪಟ್ಟಿ ಬದಲಾಗುವುದು ನಮ್ಮಲ್ಲಿ ಹೊಸದೇನಲ್ಲ, ಜ್ವರ ಬರುವುದೂ ಹೊಸದಲ್ಲ. ಆ ಜಾಗ ಅದಕ್ಕೆಂದೇ ಇರಬೇಕು.

ಬಾಯಿಮಾತಿನ ಒಪ್ಪಂದ ಸಾಲದು, ಹಾಗೆಂದು ಸ್ಟಾಂಪ್ ಪೇಪರ್ ತರಬೇಕಾಗಿಯೂ ಇಲ್ಲ. ಅದೇ ಸಂಜೆ ವಾಟ್ಸ್ಆ್ಯಪ್‌ನಲ್ಲಿ ಒಂದು ಸಂದೇಶ ಕಳಿಸಿ, ಅವರಿಂದ ‘ಸರಿ’ ಎಂಬ ಉತ್ತರ ಪಡೆದರೆ ಇಂಥ ಕೆಲಸಕ್ಕೆ ಸಾಕು. ಅವಳು ಕಳಿಸಿದ್ದು ಇಷ್ಟು: ಮೂರು ಪುಟ, ಅವುಗಳ ಹೆಸರು. ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ. ತಿದ್ದುಪಡಿ ಎರಡು ಸಲ, ಪ್ರತಿ ಸಲವೂ ಎಲ್ಲ ಬದಲಾವಣೆ ಒಟ್ಟಿಗೆ ಹೇಳಬೇಕು. ಬರಹ ಮತ್ತು ಫೋಟೊ ಪೂರ್ತಿ ಕೈಗೆ ಬಂದ ದಿನದಿಂದ ನಾಲ್ಕು ವಾರ. ಹದಿಮೂರನೇ ವಾರದಿಂದ ಪರೀಕ್ಷೆ ಮುಗಿಯುವವರೆಗೆ, ತಾರೀಖಿನ ಸಮೇತ, ಕೆಲಸ ಇರುವುದಿಲ್ಲ. ಹಣ 4,500: ಈಗ 2,000, ಕರಡು ತೋರಿಸಿದಾಗ 1,500, ಸೈಟ್ ನಿಮ್ಮ ಹೆಸರಿನ ವಿಳಾಸಕ್ಕೆ ಏರಿಸುವ ಮುಂಚೆ 1,000. ಡೊಮೇನ್ ಮತ್ತು ಹೋಸ್ಟಿಂಗ್ ಖರ್ಚು ನಿಮ್ಮದು.

ಇದರಲ್ಲಿ ‘ಪೂರ್ತಿ ಕೈಗೆ ಬಂದ ದಿನದಿಂದ’ ಎಂಬ ನಾಲ್ಕು ಪದಗಳನ್ನು ಗಮನಿಸಬೇಕು. ವೆಬ್‌ಸೈಟ್ ಕೆಲಸ ತಡವಾಗುವುದು ಬಹುಮಟ್ಟಿಗೆ ಮಾಡುವವರಿಂದಲ್ಲ, ಮ್ಯಾಟರ್ ಕೊಡಬೇಕಾದವರಿಂದ. ‘ಫೋಟೊ ನಾಳೆ ಕಳಿಸ್ತೀನಿ’ ಎನ್ನುವ ನಾಳೆ ಮೂರು ವಾರ ಎಳೆಯುತ್ತದೆ. ತಾರೀಖನ್ನು ಮಾತಾಡಿದ ದಿನದಿಂದ ಲೆಕ್ಕ ಹಾಕಿದ್ದರೆ ಆ ಮೂರು ವಾರ ವಿದ್ಯಾರ್ಥಿಯ ತಲೆಗೆ ಬಂದು, ಕೆಲಸ ನೇರವಾಗಿ ಎರಡನೇ ಟೆಸ್ಟಿನ ಮೇಲೆ ಕೂರುತ್ತದೆ. ಮ್ಯಾಟರ್ ತಡವಾದರೆ ಅವಳು ಹೇಳಬೇಕಾದದ್ದು ಒಂದೇ: ‘ಅಂಕಲ್, ಈ ಶನಿವಾರದೊಳಗೆ ಬಂದರೆ ಟೆಸ್ಟಿಗೆ ಮುಂಚೆ ಆಗುತ್ತೆ. ಇಲ್ಲದಿದ್ದರೆ ಪರೀಕ್ಷೆ ಮುಗಿದ ಮೇಲೆ ಶುರುಮಾಡ್ತೀನಿ.’ ಶನಿವಾರ ಬರುವ ಮುಂಚೆಯೇ ಇದನ್ನು ಹೇಳಬೇಕು, ಆಮೇಲಲ್ಲ.

ಮುಂಗಡವಿಲ್ಲದೆ ಶುರುಮಾಡಲೇಬಾರದು. ಎರಡು ಸಾವಿರ ದೊಡ್ಡ ಮೊತ್ತವಲ್ಲ. ಆದರೆ ದುಡ್ಡು ಕೊಟ್ಟವರು ಫೋಟೊವನ್ನೂ ಬೇಗ ಕಳಿಸುತ್ತಾರೆ, ಅದು ಕೈಯಾರೆ ಕಂಡ ಸತ್ಯ. ಮುಂಗಡ ಕೊಡಲು ಹಿಂಜರಿಯುವವರು ಕೊನೆಯ ಕಂತನ್ನೂ ಎಳೆದಾಡುವ ಸಾಧ್ಯತೆ ಹೆಚ್ಚು ಎಂಬುದು ಮೊದಲ ದಿನವೇ ತಿಳಿದರೆ ಒಳ್ಳೆಯದಲ್ಲವೇ?

ಕೆಲಸಕ್ಕೆ ಇಳಿದ ಮೇಲೆ ಬರುವ ತೊಡಕುಗಳು ಎಲ್ಲೂ ಬರೆದಿರುವುದಿಲ್ಲ. ಮಾಲೀಕರು ಹೋಂಸ್ಟೇ ಕರಪತ್ರದ ಕನ್ನಡ ಬರಹವನ್ನು ಪೇಟೆಯ ಡಿಟಿಪಿ ಅಂಗಡಿಯಿಂದ ತಂದುಕೊಟ್ಟರು ಎನ್ನೋಣ. ಅದು ನುಡಿಯ ಹಳೆಯ ಫಾಂಟಿನಲ್ಲಿದೆ. ಅಂಗಡಿಯ ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾದ ಕನ್ನಡವಾಗಿ ಕಾಣುವ ಆ ಫೈಲು ವೆಬ್‌ಪುಟಕ್ಕೆ ಹಾಕಿದೊಡನೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲಾಗಿಬಿಡುತ್ತದೆ. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚಿತ್ರಗಳನ್ನು ಕೂರಿಸಿಕೊಂಡಿದ್ದೇ ಇದಕ್ಕೆ ಕಾರಣ. ಆ ಫಾಂಟ್ ಇಲ್ಲದ ಫೋನಿಗೆ ಕಾಣುವುದು ಒಳಗಿನ ಇಂಗ್ಲಿಷ್ ಅಕ್ಷರ ಮಾತ್ರ. ಇದನ್ನು ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಆದರೆ ಬದಲಾದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳು ಜಾಗ ತಪ್ಪಿರುತ್ತವೆಯೇ ಎಂದು ಪ್ರತಿ ಸಾಲನ್ನೂ ಕಣ್ಣಿಟ್ಟು ಓದಬೇಕು. ಬರಹ ಕಡಿಮೆ ಇದ್ದರೆ ಹೊಸದಾಗಿ ಯೂನಿಕೋಡ್‌ನಲ್ಲೇ ಟೈಪ್ ಮಾಡುವುದು ಲೇಸು. ಕನ್ನಡದ ಪುಟವನ್ನು ತಪ್ಪಿಲ್ಲದೆ ಕೊಡಬಲ್ಲೆ ಎನ್ನುವುದೇ ನಮ್ಮ ಊರುಗಳಲ್ಲಿ ದೊಡ್ಡ ಅರ್ಹತೆ. ದೊಡ್ಡ ಊರಿನ ಏಜೆನ್ಸಿಗಳು ಮಾಡಿಕೊಟ್ಟ ಸೈಟುಗಳಲ್ಲೂ ಕನ್ನಡ ಎಷ್ಟು ಕೆಟ್ಟಿರುತ್ತದೆ ಎಂಬುದನ್ನು ಓದುಗರೇ ನೋಡಿರುತ್ತಾರೆ.

ಫೋಟೊಗಳದ್ದು ಇನ್ನೊಂದು ಕಥೆ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊವನ್ನು ಅದು ಕುಗ್ಗಿಸಿಬಿಡುತ್ತದೆ, ಮುಖಪುಟದಲ್ಲಿ ದೊಡ್ಡದಾಗಿ ಹಾಕಿದರೆ ಮಸುಕು. ಡಾಕ್ಯುಮೆಂಟ್ ಎಂದು ಆಯ್ದು ಕಳಿಸಿ ಎಂದು ಮಾಲೀಕರ ಮಗನಿಗೆ ಹೇಳಿದರೆ ಮೂಲ ಚಿತ್ರವೇ ಬರುತ್ತದೆ. ಆದರೆ ಅದು ನಾಲ್ಕೈದು ಎಂಬಿ ತೂಗುತ್ತದೆ. ಹನ್ನೆರಡು ಫೋಟೊ ಹಾಗೇ ಏರಿಸಿದರೆ ಘಾಟಿಯ ನೆಟ್‌ವರ್ಕ್‌ನಲ್ಲಿ ದಾರಿ ಹುಡುಕುತ್ತಿರುವ ಅತಿಥಿಗೆ ಪುಟ ತೆರೆಯುವುದೇ ಇಲ್ಲ. ಪ್ರತಿ ಫೋಟೊವನ್ನು ಸುಮಾರು 200 ಕೆಬಿಗೆ ಇಳಿಸಬೇಕು. ಗೂಗಲ್‌ನಲ್ಲಿ ಸಿಕ್ಕ ಮಂಜಿನ ಬೆಟ್ಟದ ಚಿತ್ರವನ್ನು ಎತ್ತಿ ಹಾಕುವುದಂತೂ ಬೇಡ. ಅದು ಇನ್ನೊಬ್ಬರ ಸ್ವತ್ತು. ಜೊತೆಗೆ, ಆ ಬೆಟ್ಟ ನೋಡಿಕೊಂಡು ಬಂದ ಅತಿಥಿಗೆ ಮಾಲೀಕರು ಏನು ಉತ್ತರ ಹೇಳಬೇಕು?

ಕೆಲಸದ ಸರದಿಯಲ್ಲೂ ಜಾಣತನ ಬೇಕು. ಮೂರೂ ಪುಟವನ್ನು ಒಟ್ಟಿಗೆ ಅರ್ಧರ್ಧ ಮಾಡುತ್ತಾ ಹೋದರೆ ನಡುವೆ ನಿಂತಾಗ ಕೈಯಲ್ಲಿ ಏನೂ ಇರುವುದಿಲ್ಲ. ಮುಖಪುಟ, ಫೋನ್ ನಂಬರ್, ಮ್ಯಾಪ್ ಇಷ್ಟನ್ನು ಮೊದಲು ಪೂರ್ತಿ ಮುಗಿಸಿದರೆ, ಪರೀಕ್ಷೆ ಅಚಾನಕ್ಕಾಗಿ ಮುಂದೆ ಬಂದರೂ ಆ ಒಂದು ಪುಟವನ್ನು ಏರಿಸಿ ಹೋಗಬಹುದು. ಮಾಲೀಕರಿಗೆ ಅದೂ ಉಪಯೋಗಕ್ಕೆ ಬರುತ್ತದೆ. ಕರಡನ್ನು ಅವರ ವಿಳಾಸದಲ್ಲಿ ಇಡದೆ ತನ್ನದೇ ತಾತ್ಕಾಲಿಕ ವಿಳಾಸದಲ್ಲಿ ಇಟ್ಟು ತೋರಿಸಬೇಕು. ಡೊಮೇನ್ ಮಾತ್ರ ಮಾಲೀಕರ ಹೆಸರಿನಲ್ಲೇ, ಅವರ ಇ-ಮೇಲ್ ಮತ್ತು ಅವರ ಫೋನ್ ನಂಬರ್ ಕೊಟ್ಟೇ ಕೊಳ್ಳಿಸಬೇಕು. ಸುಲಭವೆಂದು ವಿದ್ಯಾರ್ಥಿಯ ಹೆಸರಿನಲ್ಲಿ ಕೊಂಡರೆ, ಎರಡು ವರ್ಷದ ನಂತರ ಅವಳು ಪುಣೆಯಲ್ಲೋ ಹೈದರಾಬಾದಿನಲ್ಲೋ ಕೆಲಸದಲ್ಲಿದ್ದಾಗ ನವೀಕರಣದ ನೆನಪೋಲೆ ಹಳೆಯ ಇ-ಮೇಲಿಗೆ ಬಂದು ಬೀಳುತ್ತದೆ. ಸೈಟ್ ನಿಂತುಹೋಗುತ್ತದೆ. ಮೊದಲ ವರ್ಷ ಅಗ್ಗವಾಗಿ ಸಿಗುವ ಡೊಮೇನ್ ನವೀಕರಿಸುವಾಗ ದುಬಾರಿಯಾಗುವುದುಂಟು, ಅದನ್ನೂ ಮೊದಲೇ ಮಾಲೀಕರಿಗೆ ಹೇಳಿಡುವುದು ಪ್ರಾಮಾಣಿಕತೆ.

ಇನ್ನು ಹೆಸರಿನ ಮಾತು. ಮುಗಿಸಿದ ಕೆಲಸ ತಾನಾಗಿಯೇ ನಂಬಿಕೆ ತರುವುದಿಲ್ಲ, ಅದಕ್ಕೆ ಸಾಕ್ಷಿ ಬೇಕು. ‘ವೆಬ್‌ಸೈಟ್ ತುಂಬಾ ಚೆನ್ನಾಗಿದೆ’ ಎಂಬ ಮೆಚ್ಚುಗೆಯಿಂದ ಮುಂದಿನ ಕ್ಲೈಂಟ್‌ಗೆ ಏನೂ ತಿಳಿಯುವುದಿಲ್ಲ. ಸೈಟಿನಿಂದ ಏನಾಯಿತು ಎಂಬುದು ತಿಳಿಯಬೇಕು. ಅದಕ್ಕೆ ಒಂದು ಸರಳ ಉಪಾಯವಿದೆ. ಸೈಟಿನಲ್ಲಿ ವಾಟ್ಸ್ಆ್ಯಪ್ ಗುಂಡಿ ಇಡುವಾಗ ಲಿಂಕ್‌ನ ಕೊನೆಗೆ ಒಂದು ಪದ ಸೇರಿಸಬಹುದು:

```
https://wa.me/91XXXXXXXXXX?text=Website
```

ಎಕ್ಸ್ ಇರುವ ಕಡೆ ಮಾಲೀಕರ ಹತ್ತು ಅಂಕಿಯ ನಂಬರ್ ಬರುತ್ತದೆ. ಸೈಟ್ ನೋಡಿ ಗುಂಡಿ ಒತ್ತಿದವರ ಸಂದೇಶದ ಪೆಟ್ಟಿಗೆಯಲ್ಲಿ ಆ ಪದ ಮೊದಲೇ ಕೂತಿರುತ್ತದೆ. ಕೆಲವರು ಅಳಿಸಬಹುದು, ಬಹಳ ಜನ ಹಾಗೇ ಬಿಟ್ಟು ಮುಂದೆ ಬರೆಯುತ್ತಾರೆ. ಎರಡು ತಿಂಗಳ ನಂತರ ಮಾಲೀಕರು ತಮ್ಮ ವಾಟ್ಸ್ಆ್ಯಪ್‌ನಲ್ಲಿ ಆ ಪದ ಹುಡುಕಿದರೆ ಸೈಟಿನ ಮೂಲಕ ಎಷ್ಟು ವಿಚಾರಣೆ ಬಂದಿದೆ ಎಂದು ಸ್ಥೂಲವಾಗಿ ಗೊತ್ತಾಗುತ್ತದೆ. ಸೆಮಿಸ್ಟರ್ ರಜೆಯಲ್ಲಿ ಅವಳು ಒಮ್ಮೆ ಫೋನ್ ಮಾಡಿ ಅದನ್ನು ಕೇಳಿಕೊಳ್ಳಬೇಕು. ಜೊತೆಗೆ ಎರಡು ವಾಕ್ಯ ಬರೆದುಕೊಡಿ ಎಂದು ಕೇಳಬೇಕು: ಯಾವ ತೊಂದರೆಗೆ ಸೈಟ್ ಮಾಡಿಸಿದಿರಿ, ಹೇಳಿದ ದಿನಕ್ಕೆ ಸಿಕ್ಕಿತೇ. ಹೆಸರು ಮತ್ತು ಸೈಟನ್ನು ತನ್ನ ಕೆಲಸವೆಂದು ತೋರಿಸಲು ಅವರ ಒಪ್ಪಿಗೆಯನ್ನೂ ಆಗಲೇ ಪಡೆಯಬೇಕು.

‘ದಾರಿ ಕೇಳುವ ಫೋನ್ ಈಗ ಕಡಿಮೆಯಾಗಿದೆ. ಪರೀಕ್ಷೆ ಇದೆ ಎಂದು ಮೊದಲೇ ಹೇಳಿ, ಹೇಳಿದ ದಿನಕ್ಕೇ ಕೊಟ್ಟಳು.’ ಇಂಥ ಒಂದು ಮಾತು ಇದ್ದರೆ ಪಕ್ಕದ ತೋಟದ ಹೋಂಸ್ಟೇಯವರೂ ಕೇಳಿಕೊಂಡು ಬರುತ್ತಾರೆ. ಅಂಥ ಮೂರು ಕೆಲಸ ಕೈಯಲ್ಲಿದ್ದರೆ ಕ್ಯಾಂಪಸ್ ಸಂದರ್ಶನದಲ್ಲೂ ಮಾತಾಡಲು ಏನಾದರೂ ಇರುತ್ತದೆ. ಫೈನಲ್ ಇಯರ್ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ಮಾಡಿಸಿ ತರುವ ಅಭ್ಯಾಸ ಎಷ್ಟು ಹಬ್ಬಿದೆ ಎಂಬುದು ಸಂದರ್ಶನ ಮಾಡುವವರಿಗೂ ಗೊತ್ತು. ‘ಫೋಟೊ ಏಕೆ ಕುಗ್ಗಿಸಿದಿರಿ, ವರ್ಡ್‌ಪ್ರೆಸ್ ಏಕೆ ಬೇಡವೆಂದಿರಿ’ ಎಂಬ ಪ್ರಶ್ನೆಗೆ ತಡವರಿಸದೆ ಉತ್ತರ ಕೊಡುವವಳು ಕೆಲಸವನ್ನು ತಾನೇ ಮಾಡಿದ್ದಾಳೆ ಎಂಬುದು ಅವರಿಗೆ ಕೂಡಲೇ ತಿಳಿಯುತ್ತದೆ.

ಅಪ್‌ವರ್ಕ್, ಫೈವರ್‌ನಂಥ ಅಂತರರಾಷ್ಟ್ರೀಯ ತಾಣಗಳಿಂದಲೇ ಶುರುಮಾಡಬೇಕೆಂದು ಬಹಳ ಜನ ಹೇಳುತ್ತಾರೆ. ನಾನು ಹಾಗೆ ಹೇಳಲಾರೆ. ಫೈವರ್ ಮಾಡುವವರ ಗಳಿಕೆಯಲ್ಲಿ ಶೇಕಡ 20 ಹಿಡಿದುಕೊಳ್ಳುತ್ತದೆ. ಅಪ್‌ವರ್ಕ್‌ನಲ್ಲಿ ಕೆಲಸಕ್ಕೆ ಅರ್ಜಿ ಹಾಕಲು ಕನೆಕ್ಟ್ಸ್ ಎಂಬ ಟೋಕನ್ ಖರ್ಚಾಗುತ್ತದೆ. ಖರ್ಚಿನ ಮಾತು ಹಾಗಿರಲಿ, ಒಂದೂ ರಿವ್ಯೂ ಇಲ್ಲದ ಹೊಸ ಖಾತೆಗೆ ಕೆಲಸ ಸಿಗುವುದು ಕಷ್ಟ. ಅಮೆರಿಕದ ಕ್ಲೈಂಟ್ ಮಾತಾಡಲು ಕರೆಯುವುದು ನಮ್ಮ ನಡುರಾತ್ರಿಯಲ್ಲಿ, ಬೆಳಗ್ಗೆ ಎಂಟೂವರೆಗೆ ಲ್ಯಾಬ್ ಇರುತ್ತದೆ. ಊರಿನ ಎರಡು-ಮೂರು ಕೆಲಸ ಮುಗಿಸಿ, ಅವುಗಳನ್ನು ತೋರಿಸಿಕೊಂಡು ಅಲ್ಲಿಗೆ ಹೋದರೆ ದಾರಿ ಸಲೀಸು.

ಇದಕ್ಕಿಂತ ದೊಡ್ಡ ಅಪಾಯ ಮನೆಯಲ್ಲೇ ಕೂತು ಡೇಟಾ ಎಂಟ್ರಿ ಮಾಡಿ ಎಂದು ಬರುವ ಸಂದೇಶಗಳದ್ದು. ಇವು ವಿದ್ಯಾರ್ಥಿಗಳನ್ನೇ ಹುಡುಕಿಕೊಂಡು ಬರುತ್ತವೆ. ಮೊದಲು ನೋಂದಣಿ ಶುಲ್ಕ ಎಂದು ಸ್ವಲ್ಪ ಹಣ, ಆಧಾರ್ ಪ್ರತಿ, ಒಂದು ಒಪ್ಪಂದಕ್ಕೆ ಸಹಿ. ಆಮೇಲೆ ಸ್ಕ್ಯಾನ್ ಮಾಡಿದ ಮಸುಕು ಪುಟಗಳು ಬರುತ್ತವೆ, ರಾತ್ರಿಯಿಡೀ ಟೈಪ್ ಮಾಡಿ ಕಳಿಸಬೇಕು. ಕೊನೆಗೆ ‘ನಿಮ್ಮ ಕೆಲಸದಲ್ಲಿ ತಪ್ಪು ಹೆಚ್ಚಾಗಿದೆ, ಒಪ್ಪಂದ ಮುರಿದಿದ್ದೀರಿ, ದಂಡ ಕಟ್ಟಿ’ ಎಂದು ವಕೀಲರ ಹೆಸರಿನಲ್ಲಿ ನೋಟಿಸ್, ಪೊಲೀಸ್ ಹೆಸರಿನಲ್ಲಿ ಬೆದರಿಕೆ. ಮನೆಯಲ್ಲಿ ಗೊತ್ತಾದರೆ ಬೈಯುತ್ತಾರೆಂದು ಹೆದರಿ ಮಕ್ಕಳು ಗುಟ್ಟಾಗಿ ಹಣ ಕಳಿಸುತ್ತಾರೆ. ಗುರುತಿಸುವ ಬಗೆ ಸರಳ: ಕೆಲಸ ಕೊಡುವವರು ಕೆಲಸ ಮಾಡುವವರಿಂದ ಹಣ ಕೇಳಿದರೆ ಅದು ಮೋಸ. ಹಣ ಪಡೆಯುವುದಕ್ಕೆ ಯುಪಿಐ ಪಿನ್ ಒತ್ತಬೇಕಾಗಿಯೂ ಇಲ್ಲ. ಪಿನ್ ಕೇಳಿದರೆಂದರೆ ದುಡ್ಡು ನಿಮ್ಮ ಖಾತೆಯಿಂದ ಹೋಗುತ್ತದೆ. ಸಿಕ್ಕಿಬಿದ್ದರೆ ದಂಡ ಕಟ್ಟದೆ, ಮನೆಯವರಿಗೆ ಹೇಳಿ, ತಡಮಾಡದೆ 1930ಕ್ಕೆ ಕರೆಮಾಡಬೇಕು ಅಥವಾ cybercrime.gov.in ನಲ್ಲಿ ದೂರು ಕೊಡಬೇಕು.

ಕಾನೂನಿನ ಮಾತು ಸ್ವಲ್ಪ. ಹದಿನೆಂಟು ತುಂಬದವರು ಮಾಡಿಕೊಂಡ ಒಪ್ಪಂದಕ್ಕೆ ನಮ್ಮ ಕಾಯ್ದೆಯಲ್ಲಿ ಬೆಲೆಯಿಲ್ಲ. ಮೊದಲ ವರ್ಷದ ವಿದ್ಯಾರ್ಥಿಗಳಲ್ಲಿ ಅಂಥವರು ಇರುತ್ತಾರೆ, ಅವರ ಪರವಾಗಿ ಮನೆಯ ಹಿರಿಯರು ಮಾತಾಡಬೇಕು. ಹೋಂಸ್ಟೇಯಂಥ ಪುಟ್ಟ ಕೆಲಸಕ್ಕೆ ಜಿಎಸ್‌ಟಿಯ ಚಿಂತೆ ಇಲ್ಲ. ಊರೊಳಗಿನ ಸೇವೆಗೆ ನೋಂದಣಿ ಬೇಕಾಗುವುದು ವರ್ಷದ ವಹಿವಾಟು 20 ಲಕ್ಷ ದಾಟಿದಾಗ. ಆದರೆ ಕಂಪನಿಯೊಂದಕ್ಕೆ ಕೆಲಸ ಮಾಡಿಕೊಟ್ಟರೆ ಅವರು ಟಿಡಿಎಸ್ ಹಿಡಿದುಕೊಂಡು ಉಳಿದದ್ದನ್ನು ಕೊಡಬಹುದು. ಪ್ಯಾನ್ ಕೊಡದಿದ್ದರೆ ಹಿಡಿಯುವ ಪ್ರಮಾಣ ಹೆಚ್ಚು. ವರ್ಷದ ಆದಾಯ ತೆರಿಗೆಯ ಮಿತಿಯೊಳಗಿದ್ದರೆ ರಿಟರ್ನ್ ಸಲ್ಲಿಸಿ ಆ ಹಣವನ್ನು ವಾಪಸು ಪಡೆಯಬಹುದು. ಎಷ್ಟೋ ವಿದ್ಯಾರ್ಥಿಗಳು ಇದು ತಿಳಿಯದೆ ಬಿಟ್ಟುಕೊಡುತ್ತಾರೆ.

ಒಂದು ಮಾತನ್ನು ಕೆಲಸ ಕೊಡುವ ಅಂಗಡಿಯವರಿಗೆ, ಹೋಂಸ್ಟೇಯವರಿಗೆ, ಟ್ಯೂಷನ್ ನಡೆಸುವವರಿಗೂ ಹೇಳಬೇಕಿದೆ. ನಿಮ್ಮ ಊರಿನ ಕಾಲೇಜಿನ ಮಕ್ಕಳಿಗೆ ಇಂಥ ಕೆಲಸ ಕೊಡಿ. ಕೊಡುವಾಗ ಅವರ ಪರೀಕ್ಷೆ ಯಾವಾಗ ಎಂದು ನೀವೇ ಮೊದಲು ಕೇಳಿ. ಬರಹ ಮತ್ತು ಫೋಟೊ ಒಟ್ಟಿಗೆ ಸಿದ್ಧಮಾಡಿಟ್ಟುಕೊಂಡು ಕರೆಯಿರಿ. ಬದಲಾವಣೆಗಳನ್ನು ಮನೆಯ ನಾಲ್ಕು ಜನ ನಾಲ್ಕು ದಿನ ಹೇಳುವ ಬದಲು ಒಬ್ಬರೇ ಒಮ್ಮೆ ಹೇಳಿ. ಒಪ್ಪಿಕೊಂಡ ಹಣದಲ್ಲಿ ಕೊನೆಯ ಒಂದು ಸಾವಿರವನ್ನು ಉಳಿಸಿಕೊಳ್ಳಬೇಡಿ, ಸೈಟ್ ಏರಿದ ದಿನವೇ ಕೊಟ್ಟುಬಿಡಿ.